ವೀಳ್ಯ ಕೊಡುವ ಕೈ ಯಾರದು?



ನಮ್ಮ ಗುಡಿಬಂಡೆ ಕಡೆ ‘ನಿಶ್ಚಿತಾರ್ಥ’ ಅನ್ನೋ ಪದ ಫ್ಲೆಕ್ಸ್ ಮಾಡಿಸುವಾಗ, ಫೋಟೋದವರಿಗೆ ಹೇಳುವಾಗ ಮಾತ್ರ ಬರುತ್ತದೆ. ಮನೆಯೊಳಗೆ ಎಲ್ಲರೂ ಹೇಳುವುದು ‘ವೀಳ್ಯ ಬದಲಾಯಿಸೋದು’ ಅಂತ. ತೆಲುಗು ಮಾತಾಡುವ ಮನೆಯವರಾದರೆ ‘ತಾಂಬೂಲಾಲು’ ಅನ್ನುತ್ತಾರೆ. (ಚಿಕ್ಕಬಳ್ಳಾಪುರದ ಗುಡಿಬಂಡೆ ಅಂದುಕೊಂಡವರಿಗೆ ಒಂದು ಮಾತು: ಇದು ಮಡಕಶಿರಾ ಹತ್ತಿರದ ಗುಡಿಬಂಡೆ. ಮೊದಲು ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಆಫೀಸಿನ ಕಾಗದ ತೆಲುಗಿನಲ್ಲಿ, ಅಡುಗೆಮನೆ ಮಾತು ಕನ್ನಡದಲ್ಲಿ.)

ಉಂಗುರ, ಕೇಕು ಇವೆಲ್ಲ ಈಚೆಗೆ ಬಂದದ್ದು. ಹಿರಿಯರ ಲೆಕ್ಕದಲ್ಲಿ ಮಾತು ಗಟ್ಟಿಯಾಗುವುದು ಎಲೆ ಅಡಿಕೆ ಕೈ ಬದಲಾದಾಗಲೇ. ಹಳೇ ಕನ್ನಡದಲ್ಲಿ ‘ರಣವೀಳ್ಯ’ ಅನ್ನೋ ಪದವಿದೆ. ರಾಜನ ಕೈಯಿಂದ ವೀಳ್ಯ ತೆಗೆದುಕೊಂಡವನು ಯುದ್ಧದ ಹೊಣೆ ಒಪ್ಪಿಕೊಂಡ ಅಂತ ಅರ್ಥ. ಮದುವೆಯ ವೀಳ್ಯದ ಅರ್ಥವೂ ಅದೇ: ತೆಗೆದುಕೊಂಡವರು ಹೊಣೆ ಹೊತ್ತರು. ಹಾಗಾಗಿಯೇ ಅದನ್ನು ಯಾರು ಕೊಡಬೇಕು, ಯಾರು ತೆಗೆದುಕೊಳ್ಳಬೇಕು, ಯಾರು ಮಾತಾಡಬೇಕು ಅನ್ನುವುದಕ್ಕೆ ಇಷ್ಟೊಂದು ಜಗಳ.

ನಮ್ಮ ಚಿಕ್ಕಮ್ಮನ ಮಗಳ ವೀಳ್ಯಶಾಸ್ತ್ರದಲ್ಲಿ ಈ ಜಗಳವನ್ನು ಹತ್ತಿರದಿಂದ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಗಂಡಿನ ಕಡೆಯವರು ಪಾವಗಡ ತಾಲ್ಲೂಕಿನವರು, ಅವರೂ ಕಥೋಲಿಕರೇ. ಹೆಣ್ಣು ನೋಡಿ ಹೋಗಿದ್ದರು, ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿದ್ದರು, ಇಬ್ಬರಿಗೂ ಒಪ್ಪಿಗೆಯಿತ್ತು. ವೀಳ್ಯಕ್ಕೆ ಮುಂಚೆ ಎರಡೂ ಕಡೆಯವರು ತಮ್ಮ ತಮ್ಮ ಫಾದರ್ ಹತ್ತಿರ ಹೋಗಿ ಬಂದರು. ಇದನ್ನು ಬಹಳ ಜನ ವೀಳ್ಯ ಆದ ಮೇಲೆ ಮಾಡುತ್ತಾರೆ, ಅಲ್ಲೇ ತೊಂದರೆ ಶುರು. ನಮ್ಮ ಕಡೆ ಸೋದರತ್ತೆ ಮಗ, ಸೋದರಮಾವನ ಮಗಳು ಅಂದರೆ ಹುಟ್ಟಿದಾಗಿನಿಂದಲೇ ‘ಇವಳು ಇವನಿಗೆ’ ಅನ್ನುವ ರೂಢಿ. ಆದರೆ ಧರ್ಮಸಭೆಯ ಕಾನೂನಿನಲ್ಲಿ ಅಷ್ಟು ಹತ್ತಿರದ ರಕ್ತಸಂಬಂಧ ಮದುವೆಗೆ ಅಡ್ಡಿ. ಧರ್ಮಾಧ್ಯಕ್ಷರಿಂದ ವಿನಾಯಿತಿ ಬಾರದೆ ಮದುವೆ ನಡೆಯುವುದಿಲ್ಲ, ಕೇಳಿದ ಕೂಡಲೇ ಸಿಗುತ್ತದೆ ಅಂತಲೂ ಇಲ್ಲ. ವೀಳ್ಯ ಬದಲಾಯಿಸಿ, ಛತ್ರಕ್ಕೆ ಮುಂಗಡ ಕೊಟ್ಟು, ಆಮೇಲೆ ಫಾದರ್ ಮುಂದೆ ಕೂತರೆ ಕಷ್ಟ. ನಮ್ಮ ತಂಗಿಯ ವಿಷಯದಲ್ಲಿ ಸಂಬಂಧ ಹೊಸದು, ಆ ತೊಡಕಿರಲಿಲ್ಲ.

ತೊಡಕು ಬಂದದ್ದು ಬೇರೆ ಕಡೆಯಿಂದ. ಚಿಕ್ಕಪ್ಪ ತೀರಿಕೊಂಡು ನಾಲ್ಕು ವರ್ಷ. ಹಾಗಾದರೆ ಹೆಣ್ಣಿನ ಕಡೆ ಯಾರು?

ಇಲ್ಲಿ ಒಂದು ವಿಷಯ ಹೇಳಬೇಕು. ತಂದೆ ಬದುಕಿದ್ದರೂ ನಮ್ಮಲ್ಲಿ ತಂದೆ ತಾನೇ ಮಾತಾಡುವುದಿಲ್ಲ. ಪಕ್ಕದಲ್ಲಿ ಕೂತಿರುತ್ತಾನೆ, ಅಷ್ಟೇ. ಮಾತಾಡುವವರು ಸೋದರಮಾವನೋ ದೊಡ್ಡಪ್ಪನೋ ಊರಿನ ಹಿರಿಯರೋ. ಚಿಕ್ಕವಯಸ್ಸಿನಲ್ಲಿ ನನಗೆ ಇದು ಸುಮ್ಮನೆ ದೊಡ್ಡಸ್ತಿಕೆ ಅನ್ನಿಸುತ್ತಿತ್ತು. ಈಗ ನೋಡಿದರೆ ಅದರಲ್ಲಿ ಉಪಾಯವಿದೆ. ಖರ್ಚು ಯಾರದು, ಊಟ ಎಷ್ಟು ಜನಕ್ಕೆ ಅನ್ನುವಂಥದ್ದನ್ನು ತಂದೆ ಬಾಯಿಬಿಟ್ಟು ಕೇಳಿದರೆ, ಎದುರಿನವರು ಇಲ್ಲ ಅಂದರೆ, ಇಬ್ಬರ ಮುಖವೂ ಕೆಡುತ್ತದೆ. ನಡುವಿನವರು ಕೇಳಿದರೆ ‘ಅಯ್ಯೋ, ನಾನೇ ಕೇಳಿದ್ದು, ಬಿಡಿ’ ಅಂತ ಹಿಂದೆ ಸರಿಯಬಹುದು. ಅದಕ್ಕಿಂತ ಮುಖ್ಯವಾಗಿ, ನಾಳೆ ಮದುವೆಯಾದ ಮೇಲೆ ಜಗಳ ಬಂದರೆ ಮೊದಲು ಕರೆಸುವುದು ಅವರನ್ನೇ. ಮಾತಿಗೆ ನಿಂತವರು ಸಾಕ್ಷಿಯೂ ಹೌದು, ಜಾಮೀನೂ ಹೌದು.

ನಮ್ಮಲ್ಲಿ ಇಬ್ಬರು ನಿಂತರು. ಚಿಕ್ಕಪ್ಪನ ಅಣ್ಣ ‘ಮನೆತನ ನಮ್ಮದು, ನಾನು ಮಾತಾಡಬೇಕು’ ಅಂದರು. ನಮ್ಮ ಸೋದರಮಾವ ‘ನಾಲ್ಕು ವರ್ಷ ಮನೆಗೆ ಅಕ್ಕಿ ಹಾಕಿದ್ದು ನಾನು’ ಅಂದರು. ಎರಡೂ ನಿಜ. ಹಿಂದಿನ ರಾತ್ರಿ ಹನ್ನೊಂದರವರೆಗೆ ಮಾತು ನಡೆದು, ದೊಡ್ಡಪ್ಪ ಮಾತಾಡುವುದು, ಮಾವ ವೀಳ್ಯದ ತಟ್ಟೆ ಹಿಡಿಯುವುದು ಅಂತ ಆಯಿತು. ಇಷ್ಟು ಹೊತ್ತೂ ಚಿಕ್ಕಮ್ಮ ಬಾಗಿಲ ಪಕ್ಕ ನಿಂತು ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅವರು ತಟ್ಟೆ ಮುಟ್ಟುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗಂಡ ಇಲ್ಲದವರು ಶುಭಕಾರ್ಯದಲ್ಲಿ ಹಿಂದೆ ಇರಬೇಕು ಅನ್ನುವುದು ನಮ್ಮ ಮನೆಗಳಲ್ಲೂ ಹಾಗೇ ಉಳಿದುಕೊಂಡಿದೆ. ಜ್ಞಾನಸ್ನಾನ ಆಗಿ ಮೂರು ತಲೆಮಾರಾದರೂ ಇದು ಹೋಗಿಲ್ಲ.

ಎಲೆಯ ಬಗ್ಗೆ ಎರಡು ಮಾತು. ಹಿಂದೂಪುರದಿಂದ ಹಿಂದಿನ ದಿನವೇ ತರಿಸಿದ್ದೆವು. ತಟ್ಟೆಗೆ ಇಡುವ ಎಲೆ ಹರಿದಿರಬಾರದು, ತೂತು ಇರಬಾರದು, ತೊಟ್ಟು ಇರಬೇಕು. ತುದಿ ಒಣಗಿದ್ದರೆ ಹಿರಿಯರು ಕಣ್ಣಲ್ಲೇ ಎತ್ತಿ ತೆಗೆಯುತ್ತಾರೆ. ಬಿಸಿಲಿನಲ್ಲಿ ಎಲೆ ಬೇಗ ನೀರು ಕಳೆದುಕೊಂಡು ಬಾಡುತ್ತದೆ, ಅದಕ್ಕೇ ಒದ್ದೆ ಬಟ್ಟೆ. ನೀರು ಜಾಸ್ತಿಯಾದರೆ ಕಪ್ಪಾಗಿ ಕೊಳೆಯುತ್ತದೆ, ಆದ್ದರಿಂದ ಬಟ್ಟೆ ಹಿಂಡಿ ಸುತ್ತಬೇಕು. ಅಡಿಕೆ ಪುಡಿಯಲ್ಲ, ಇಡೀ ಅಡಿಕೆ.

ಮರುದಿನ ಹತ್ತೂವರೆಗೆ ಗಂಡಿನ ಕಡೆಯವರು ಬಂದರು. ಒಂಬತ್ತು ತಟ್ಟೆ. ತಟ್ಟೆ ಯಾವಾಗಲೂ ಬೆಸ ಸಂಖ್ಯೆ. ಸೀರೆ ರವಿಕೆ, ಬಳೆ, ಹೂವು, ಬಾಳೆಹಣ್ಣು, ತೆಂಗಿನಕಾಯಿ, ಕೊಬ್ಬರಿ ಬಟ್ಟಲು, ಕಲ್ಲುಸಕ್ಕರೆ, ಸಿಹಿ, ಕೊನೆಯದರಲ್ಲಿ ಎಲೆ ಅಡಿಕೆ. ಕುಂಕುಮದ ಜಾಗದಲ್ಲಿ ಬೈಬಲ್, ಶಿಲುಬೆ ಮತ್ತು ಮೇಣದ ಬತ್ತಿ ಇಟ್ಟಿದ್ದರು. ಚಾಪೆ ಹಾಸಿ ಎರಡು ಕಡೆಯವರು ಎದುರುಬದುರು ಕೂತರು. ಅವರ ಪರವಾಗಿ ಹುಡುಗನ ಸೋದರಮಾವ, ನಮ್ಮ ಪರವಾಗಿ ದೊಡ್ಡಪ್ಪ. ನಡುವೆ ನಮ್ಮ ಉಪದೇಶಿ ತಾತ. ಫಾದರ್‌ಗೆ ಬೇರೆ ಊರಿನಲ್ಲಿ ಬಲಿಪೂಜೆ ಇತ್ತು, ಬಂದಿರಲಿಲ್ಲ.

ಉಪದೇಶಿ ತಾತ ಪ್ರಾರ್ಥನೆ ಪುಸ್ತಕ ತೆಗೆಯುತ್ತಾ, “ಹೆಣ್ಣಿನ ತಾಯಿ ಎಲ್ಲಮ್ಮಾ?” ಅಂದರು.

ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಮೆಲ್ಲಗೆ, “ಒಳಗಿದ್ದಾಳೆ ತಾತ, ಆಮೇಲೆ ಬರ್ತಾಳೆ” ಅಂದರು.

“ಆಮೇಲೆ ಯಾಕೆ? ಈ ಪುಸ್ತಕದ ಪ್ರಕಾರ ಫಾದರ್ ಇಲ್ಲದಾಗ ಈ ಪ್ರಾರ್ಥನೆ ನಡೆಸೋಕೆ ತಂದೆ ತಾಯಿಗೆ ಮೊದಲ ಹಕ್ಕು. ತಂದೆ ಇಲ್ಲ. ತಾಯಿ ಇದಾಳಲ್ಲ.”

ತಾತ ಹೇಳಿದ್ದು ಅವರ ಸ್ವಂತ ಅಭಿಪ್ರಾಯವಲ್ಲ. ಧರ್ಮಸಭೆಯ ಆಶೀರ್ವಾದಗಳ ಪುಸ್ತಕದಲ್ಲಿ ಮದುವೆ ನಿಶ್ಚಯವಾದ ಜೋಡಿಗೆ ಪ್ರತ್ಯೇಕ ವಿಧಿಯಿದೆ. ಮನೆಯವರೇ ಸೇರಿ ಮಾಡುವಾಗ ಹೆತ್ತವರಲ್ಲಿ ಒಬ್ಬರು ನಡೆಸುವುದು ಒಳ್ಳೆಯದು ಅಂತ ಅದರಲ್ಲೇ ಇದೆ. ಉಂಗುರವೋ ಉಡುಗೊರೆಯೋ ಬದಲಾಯಿಸಿಕೊಳ್ಳಲು ಅದರಲ್ಲಿ ಜಾಗವಿದೆ. ಒಂದೇ ಎಚ್ಚರಿಕೆ: ಇದೇ ಮದುವೆ ಅಂತ ಯಾರಿಗೂ ಅನ್ನಿಸಬಾರದು. ಅದಕ್ಕೇ ಇದನ್ನು ಬಲಿಪೂಜೆಯೊಳಗೆ ಸೇರಿಸುವಂತಿಲ್ಲ. ತಾಯಿ ವಿಧವೆಯಾಗಿದ್ದರೆ ಬೇಡ ಅನ್ನುವ ಸಾಲು ಅಲ್ಲಿ ಎಲ್ಲೂ ಇಲ್ಲ.

ಗಂಡಿನ ಸೋದರಮಾವ ದೊಡ್ಡ ಮನಸ್ಸಿನವರು. “ಕರೀರಿ ಅಣ್ಣಾ, ನಾವು ಹೆಣ್ಣು ಕೇಳೋಕೆ ಬಂದಿರೋದು ಆ ತಾಯಿ ಹತ್ತಿರಾನೇ” ಅಂದರು. ಬೇರೆಯವರ ಮುಂದೆ ಅಷ್ಟಾದ ಮೇಲೆ ದೊಡ್ಡಪ್ಪ ಬೇಡ ಅನ್ನುವಂತಿರಲಿಲ್ಲ. ಚಿಕ್ಕಮ್ಮ ಬಂದು ಕೂತರು. ಪ್ರಾರ್ಥನೆ ನಡೆಸಲು ಅವರಿಂದ ಆಗಲಿಲ್ಲ, ಗಂಟಲು ಕಟ್ಟಿತ್ತು, ತಾತನೇ ಓದಿದರು. ಆದರೆ ಮಾವ ತಾವು ಹಿಡಿದಿದ್ದ ತಟ್ಟೆಯನ್ನು ಏನೂ ಹೇಳದೆ ಅಕ್ಕನ ಮಡಿಲಿಗೆ ಇಟ್ಟರು.

ವೀಳ್ಯಕ್ಕೆ ಮುಂಚೆ ತಾತ ಹುಡುಗಿಯನ್ನು ಕರೆದು, “ನಿನಗೆ ಒಪ್ಪಿಗೆಯೇನಮ್ಮಾ? ತಲೆ ಆಡಿಸಬೇಡ, ಬಾಯಲ್ಲಿ ಹೇಳು” ಅಂದರು. ಹುಡುಗನಿಗೂ ಅದೇ ಪ್ರಶ್ನೆ. ಆಮೇಲೆ ದೊಡ್ಡಪ್ಪ ಗಟ್ಟಿಯಾಗಿ, “ನಮ್ಮ ಹೆಣ್ಣು ಇನ್ನು ನಿಮ್ಮ ಹೆಣ್ಣು” ಅಂದರು. ಅವರು, “ನಮ್ಮ ಗಂಡು ಇನ್ನು ನಿಮ್ಮ ಗಂಡು” ಅಂದರು. ಚಿಕ್ಕಮ್ಮ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಹುಡುಗನ ತಾಯಿಗೆ ಕೊಟ್ಟರು, ಅವರದನ್ನು ತಾವು ತೆಗೆದುಕೊಂಡರು. ಮೂರು ಸಲ. ಅಲ್ಲಿಯವರೆಗೆ ‘ಅಣ್ಣಾ’ ‘ಅಯ್ಯಾ’ ಅನ್ನುತ್ತಿದ್ದವರು ಆ ಕ್ಷಣದಿಂದ ‘ಬೀಗರೇ’ ಅಂತ ಶುರುಮಾಡಿದರು.

ಉಳಿದದ್ದು ಕೊಡುಕೊಳ್ಳುವ ಮಾತು. ನಮ್ಮಜ್ಜಿ ಹೇಳುವಂತೆ ಅವರ ಕಾಲದಲ್ಲಿ ಗಂಡಿನವರೇ ಹೆಣ್ಣಿನ ಮನೆಗೆ ‘ತೆರ’ ಕೊಡುತ್ತಿದ್ದರು. ಅದು ತಿರುಗಿ ಈಗ ‘ಕಟ್ನಂ’ ಆಗಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದು, ತೆಗೆದುಕೊಳ್ಳುವುದು ಮಾತ್ರವಲ್ಲ, ಕೇಳುವುದೂ ಅಪರಾಧ. ವೀಳ್ಯದ ಚಾಪೆ ಮೇಲೆ ‘ಒಂದು ಬೈಕು ಅಂತ ಮಾತಾಗಿತ್ತಲ್ಲ’ ಅನ್ನುವುದೂ ಕೇಳಿದಂತೆಯೇ. ತಾವಾಗಿ ಕೊಡುವ ಉಡುಗೊರೆಗೆ ಅಡ್ಡಿಯಿಲ್ಲ, ಆದರೆ 1985ರ ನಿಯಮದ ಪ್ರಕಾರ ಅದರ ಪಟ್ಟಿ ಬರೆದಿಡಬೇಕು: ವಸ್ತು ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಅವರು ಏನಾಗಬೇಕು. ಕೆಳಗೆ ಹುಡುಗ ಹುಡುಗಿಯ ಸಹಿ. ನಿಯಮ ಹೇಳುವುದು ಮದುವೆ ಹೊತ್ತಿನ ಪಟ್ಟಿಯನ್ನು, ಆದರೆ ವೀಳ್ಯದ ದಿನವೇ ಶುರುಮಾಡಿದರೆ ಯಾವುದೂ ಮರೆಯುವುದಿಲ್ಲ. “ಬಿ.ಎಸ್ಸಿ. ಓದಿರೋದು ಯಾತಕ್ಕೆ, ಬರಿ” ಅಂತ ನನ್ನನ್ನೇ ಕೂರಿಸಿದರು. ಸೀರೆ, ಬಳೆ, ಕಾಲುಗೆಜ್ಜೆ, ನಮ್ಮ ಕಡೆಯಿಂದ ಹುಡುಗನಿಗೆ ಪ್ಯಾಂಟು ಶರಟು, ಒಂದು ವಾಚು. ಎರಡು ಪ್ರತಿ, ಮನೆಗೊಂದು.

ಪಟ್ಟಿಯಿಂದ ಇನ್ನೊಂದು ಪ್ರಯೋಜನವೂ ಇದೆ. ವೀಳ್ಯ ಆದ ಮೇಲೆ ಯಾರಿಗಾದರೂ ಬೇಡ ಅನ್ನಿಸಿದರೆ? ನಮ್ಮ ಕಡೆ ‘ವೀಳ್ಯ ಮುರಿದ ಹೆಣ್ಣು’ ಅಂತ ಹೆಸರು ಬಂದೀತು ಅನ್ನುವ ಹೆದರಿಕೆಯಲ್ಲೇ ಎಷ್ಟೋ ಮದುವೆ ನಡೆದುಹೋಗುತ್ತವೆ. ಧರ್ಮಸಭೆಯ ಕಾನೂನಿನ 1062ನೇ ವಿಧಿ ಇದಕ್ಕೆ ನೇರ ಉತ್ತರ ಕೊಡುತ್ತದೆ: ಮಾತು ಕೊಟ್ಟಿದ್ದೀಯ ಅಂತ ಯಾರನ್ನೂ ಮದುವೆಗೆ ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಇನ್ನೊಬ್ಬರಿಗೆ ನಷ್ಟವಾಗಿದ್ದರೆ ಅದನ್ನು ತುಂಬಿಕೊಡುವಂತೆ ಕೇಳಬಹುದು, ಅಷ್ಟೇ. ಆಗ ಯಾವುದನ್ನು ಯಾರಿಗೆ ಹಿಂದಿರುಗಿಸಬೇಕು ಅಂತ ತಿಳಿಯಲು ಈ ಪಟ್ಟಿಯೇ ಬೇಕಾಗುತ್ತದೆ. ಮಾತಿಗೆ ನಿಂತ ಇಬ್ಬರೇ ಕೂತು ಅದನ್ನು ಮುಗಿಸುವುದು ವಾಡಿಕೆ.

ಊಟ ಮುಗಿದ ಮೇಲೆ ಬಂದವರಿಗೆಲ್ಲ ಎರಡೆರಡು ಎಲೆ, ಒಂದು ಅಡಿಕೆ, ಬಾಳೆಹಣ್ಣು ಕೊಡಬೇಕು. ಚಿಕ್ಕಮ್ಮನೇ ಬಾಗಿಲಲ್ಲಿ ನಿಂತು ಕೊಟ್ಟರು. ಪಾವಗಡದವರೆಲ್ಲ ತೆಗೆದುಕೊಂಡರು. ನಮ್ಮವರಲ್ಲೇ ಇಬ್ಬರು ಹೆಂಗಸರು ಕೈ ತೊಳೆಯುವ ನೆಪದಲ್ಲಿ ಹಿತ್ತಲ ಬಾಗಿಲಿಂದ ಹೋದರು. ಚಿಕ್ಕಮ್ಮ ಅದನ್ನು ನೋಡಿದರು. ಅವರ ಪಾಲಿನ ಎಲೆ ಅಡಿಕೆಯನ್ನು ಒಂದು ಕವರಿಗೆ ಹಾಕಿ, ಸಾಯಂಕಾಲ ಮನೆಗೆ ತಲುಪಿಸಿ ಬಾ ಅಂತ ನನ್ನ ಕೈಗೆ ಕೊಟ್ಟರು. ಒಬ್ಬರು ತೆಗೆದುಕೊಂಡರು. ಇನ್ನೊಬ್ಬರ ಮನೆ ಬೀಗ ಹಾಕಿತ್ತು.

ಮೊದಲ ಮದುವೆ ಪ್ರಕಟಣೆ ಬರುವ ಭಾನುವಾರ ಓದುತ್ತಾರೆ.