ಬೀಳ್ಕೊಡುಗೆಯ ನೂರು ದಿರ್ಹಮ್

ನಾವು ದುಡಿಯುವ ಈ ಗಲ್ಫ್ ಊರುಗಳಲ್ಲಿ ವರ್ಷಕ್ಕೆ ಮೂರೋ ನಾಲ್ಕೋ ಮಂದಿ ಕೆಲಸ ಬಿಟ್ಟು ಊರಿಗೆ ಹೊರಡುತ್ತಾರೆ. ಪ್ರತಿ ಸಲವೂ ಆಫೀಸಿನಲ್ಲಿ ಗಿಫ್ಟಿಗೆ ದುಡ್ಡು ಸೇರಿಸುವುದು ಇದ್ದದ್ದೇ.

ದುಬೈಯ ನಮ್ಮ ಆಫೀಸಿನಲ್ಲಿ ಸ್ಟೋರ್‌ಕೀಪರ್ ಒಬ್ಬರು ಹೊರಟಾಗ ಉಳಿದವರು ಹನ್ನೆರಡು ಜನ. "ತಲೆಗೆ ನೂರು ಹಾಕೋಣ, ಲೆಕ್ಕ ಸುಲಭ" ಅಂತ ಒಬ್ಬರು ವಾಟ್ಸಾಪ್ ಗ್ರೂಪಿನಲ್ಲಿ ಹೆಸರಿನ ಪಟ್ಟಿ ಹಾಕಿಯೇಬಿಟ್ಟರು. ಕೊಟ್ಟವರ ಹೆಸರಿನ ಮುಂದೆ ಟಿಕ್ ಬೀಳತೊಡಗಿತು. ಸಂಜೆ ಕುಂದಾಪುರ ಕಡೆಯ ಆಫೀಸ್ ಬಾಯ್ ನನ್ನ ಹತ್ತಿರ ಬಂದು, "ಅಣ್ಣ, ಸಂಬಳ ಆದ ಮೇಲೆ ಕೊಟ್ರೆ ಆಗ್ತದಾ?" ಅಂತ ಮೆಲ್ಲಗೆ ಕೇಳಿದ.

ಅವನ ಸಂಬಳ 1,200 ದಿರ್ಹಮ್. ಅದರಲ್ಲಿ 900 ಮನೆಗೆ ಹೋಗುತ್ತದೆ. ಉಳಿದ 300ರಲ್ಲಿ ತಿಂಗಳ ಊಟ, ಫೋನು ಎಲ್ಲ ಆಗಬೇಕು. ನೂರು ಅಂದರೆ ಅದರ ಮೂರನೇ ಒಂದು ಪಾಲು. ಇಪ್ಪತ್ತು ಸಾವಿರ ಸಂಬಳದ ಮ್ಯಾನೇಜರಿಗೆ ಅದೇ ನೂರು ಅರ್ಧ ಪರ್ಸೆಂಟ್ ಅಷ್ಟೆ.

ಹಾಗಾದರೆ ಎಲ್ಲರೂ ಸಂಬಳದ ಅರ್ಧ ಪರ್ಸೆಂಟ್ ಕೊಡಲಿ ಅಂದರೆ? ಮ್ಯಾನೇಜರ್ ನೂರು, ಎಂಟು ಸಾವಿರದ ಎಂಜಿನಿಯರ್ ನಲವತ್ತು, ಈ ಹುಡುಗ ಆರು ದಿರ್ಹಮ್. ಲೆಕ್ಕವೇನೋ ನ್ಯಾಯವೇ. ಆದರೆ ಪಟ್ಟಿಯಲ್ಲಿ ಹೆಸರಿನ ಮುಂದೆ ಆರು ಅಂತ ಬರೆದರೆ ಅವನ ಸಂಬಳವನ್ನೂ ಬರೆದ ಹಾಗಾಯಿತು. ಅದರ ನಾಚಿಕೆಗೆ ಸಾಲ ಮಾಡಿಯಾದರೂ ನೂರು ತಂದುಕೊಟ್ಟಾನು.

ನಾನು ಪಟ್ಟಿ ಹಾಕಿದವರ ಜೊತೆ ಮಾತಾಡಿ ಅದನ್ನು ತೆಗೆಸಿದೆ. ಟಿಕ್ ಬಿದ್ದವರ ದುಡ್ಡನ್ನೂ ವಾಪಸ್ ಕೊಟ್ಟೆವು. ಹನ್ನೆರಡು ಜನಕ್ಕೂ ಒಂದೇ ಥರದ, ಹೆಸರು ಬರೆಯದ ಲಕೋಟೆ ಹಂಚಿ, ಇಷ್ಟ ಬಂದಷ್ಟು ಇಡಿ, ಖಾಲಿ ಆದರೂ ಅಂಟಿಸಿ ಡಬ್ಬಕ್ಕೆ ಹಾಕಿ ಅಂದೆವು. ಕೊಡದವರೂ ಎಲ್ಲರ ಎದುರೇ ಹಾಕಬಹುದು ಅಂತ ಖಾಲಿ ಲಕೋಟೆಗೂ ಜಾಗ ಇಟ್ಟದ್ದು. ಕೊನೆಗೆ ಇಬ್ಬರು ಕೂತು ಎಲ್ಲವನ್ನೂ ಒಟ್ಟಿಗೆ ಒಡೆದು ಎಣಿಸಿದೆವು. 640 ದಿರ್ಹಮ್ ಇತ್ತು. ಯಾರದು ಎಷ್ಟು ಅಂತ ನಮಗೂ ಗೊತ್ತಿಲ್ಲ.

ಗಿಫ್ಟ್ ಆರಿಸಿದ್ದು ಆಮೇಲೆ. ಮೊದಲೇ 1,200ರ ವಸ್ತು ನೋಡಿಟ್ಟಿದ್ದರೆ ಕಡಿಮೆ ಬಿದ್ದದ್ದಕ್ಕೆ ಮತ್ತೆ ಕೈ ಚಾಚಬೇಕಿತ್ತು, ಆಗ ಲಕೋಟೆಯ ಗುಟ್ಟು ಉಳಿಯುತ್ತಿರಲಿಲ್ಲ. ಬಂದಷ್ಟರಲ್ಲಿ ಒಂದು ಗಟ್ಟಿ ಟ್ರಾಲಿ ಬ್ಯಾಗ್, ಒಂದು ವಾಚ್ ತಂದೆವು. ಕಾರ್ಡಿನಲ್ಲಿ ಹನ್ನೆರಡೂ ಜನ ಸಹಿ ಹಾಕಿದರು, ಮೊತ್ತ ಎಲ್ಲೂ ಬರೆಯಲಿಲ್ಲ.

ಇದರಲ್ಲಿ ಒಂದು ತೊಡಕು ಇದೆ. ದೊಡ್ಡ ಸಂಬಳದವರೂ ಹತ್ತು ಹಾಕಿ ಸುಮ್ಮನಾಗಬಹುದು. ಅದಕ್ಕೆ ಅವರಿಗೆ ಮಾತ್ರ, ಬೇರೆಯಾಗಿ, "ಸಾರ್, ನೀವು ಸ್ವಲ್ಪ ಜಾಸ್ತಿ ಹಾಕಿದರೆ ಹುಡುಗರಿಗೆ ಹಗುರ ಆಗ್ತದೆ" ಅಂತ ಮೊದಲೇ ಹೇಳಿಡಬೇಕು. ನಿಮ್ಮ ಆಫೀಸಿನಲ್ಲೂ ಪಾರ್ಟಿಯ ದಿನವೇ ಯಾರಾದರೂ ರಜೆ ಹಾಕುತ್ತಿದ್ದರೆ, ಮುಂದಿನ ಸಲ ಪಟ್ಟಿ ಬಿಟ್ಟು ಲಕೋಟೆ ಹಂಚಿ ನೋಡಿ.