ದೊಡ್ಡಮ್ಮನ ಸಾರಿನ ಪುಡಿ ಇಂಗ್ಲಿಷಿಗೆ ಹೋದದ್ದು

ಮೆಲ್ಬರ್ನಿನಲ್ಲಿರುವ ತಂಗಿ ವಾಟ್ಸಾಪಿನಲ್ಲಿ ಒಂದು ಚೀಟಿಯ ಫೋಟೋ ಕಳಿಸಿದ್ದಳು. ಅವಳಮ್ಮ, ಅಂದರೆ ನಮ್ಮ ದೊಡ್ಡಮ್ಮ, ಬರೆದಿಟ್ಟ ಸಾರಿನ ಪುಡಿಯ ಲೆಕ್ಕ. ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಗಿದೆ. ತಂಗಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಅವಳ ಮನೆಯಲ್ಲಿ ಅಡುಗೆ ಮಾಡುವುದು ಗಂಡ, ಅವರಿಗೆ ಎರಡೂ ಬರುವುದಿಲ್ಲ. ‘ಅಣ್ಣಾ, ಇಂಗ್ಲಿಷಿನಲ್ಲಿ ಬರೆದುಕೊಡು, ಅಳತೆ ಸರಿಯಾಗಿ ಹೇಳು’ ಎಂದಳು. ಸುದ್ದಿ ಬರೆಯುವ ನಾವು, ಅಡುಗೆ ಗೊತ್ತಿರುವ ಅಮ್ಮ, ಇಬ್ಬರೂ ಕೂತೆವು.

ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಕೊತ್ತಂಬರಿ 1 ಪಾವು. ಜೀರಿಗೆ 2 ಚಮಚ. ಮೆಣಸು 1 ಚಮಚ. ಮೆಂತ್ಯ ಅರ್ಧ. ಬ್ಯಾಡಗಿ 2 ಹಿಡಿ. ಇಂಗು ಕಡಲೆಯಷ್ಟು. ಘಮ ಬಂದ ಕೂಡಲೇ ಇಳಿಸು.’

ಮೊದಲ ಪದದಲ್ಲೇ ತೊಡಕು. ಬರೀ ಕೊರಿಯಾಂಡರ್ ಎಂದು ಬರೆದರೆ ಆ ದೇಶದವರು ಸೊಪ್ಪು ತರುತ್ತಾರೆ. ಇಲ್ಲಿ ಬೇಕಾದದ್ದು ಬೀಜ, ಅದನ್ನು ಬಿಡಿಸಿಯೇ ಬರೆಯಬೇಕು. ಮೆಣಸು ಎಂದರೆ ನಮ್ಮ ಕಡೆ ಕಾಳುಮೆಣಸು, ಚೀಟಿಯಲ್ಲಿ ಬ್ಯಾಡಗಿ ಬೇರೆ ಇರುವುದರಿಂದ ಅನುಮಾನವಿಲ್ಲ.

ಆಮೇಲೆ ಪಾವು. ಪಾವು ಸೇರಿನ ಕಾಲು ಭಾಗ. ಫೋನಿನಲ್ಲಿ ಸೇರು ಎಂದು ಹುಡುಕಿದರೆ 933 ಗ್ರಾಂ ಎಂದು ಬರುತ್ತದೆ. ಅದು 80 ತೊಲದ ತೂಕದ ಸೇರು. ಅದನ್ನು ನಂಬಿದರೆ ಪಾವು ಕೊತ್ತಂಬರಿ 233 ಗ್ರಾಂ ಆಗುತ್ತದೆ. ಆದರೆ ದೊಡ್ಡಮ್ಮನ ಪಾವು ತೂಕವಲ್ಲ, ಅಕ್ಕಿ ಅಳೆಯುವ ಪಾತ್ರೆ. ಅಮ್ಮನ ಹತ್ತಿರ ತವರಿನದೇ ಪಾವು ಇತ್ತು. ಅದನ್ನು ಕಿರಾಣಿ ಅಂಗಡಿಗೆ ಒಯ್ದು ತೂಗಿಸಿದೆವು. ನೀರು ಹಾಕಿದಾಗ 220 ಗ್ರಾಂ, ಅಂದರೆ 220 ಮಿಲಿ ಹಿಡಿಯುತ್ತದೆ. ಕೊತ್ತಂಬರಿ ಬೀಜ ತುಂಬಿದಾಗ ಬರೀ 75 ಗ್ರಾಂ. ಬೀಜ ಟೊಳ್ಳು, ನಡುವೆ ಗಾಳಿ. ತೂಕದ ಸೇರಿನ ಲೆಕ್ಕ ಕಳಿಸಿದ್ದರೆ ಮೂರು ಪಟ್ಟು ಕೊತ್ತಂಬರಿ ಬಿದ್ದು ಸಾರು ಬರೀ ಕೊತ್ತಂಬರಿಯೇ ಆಗುತ್ತಿತ್ತು.

ಚಮಚದ ಕಥೆ ಬೇರೆ. ಸಣ್ಣ ಅಳತೆ ಅಂಗಡಿಯ ತಕ್ಕಡಿಗೆ ಸಿಗುವುದಿಲ್ಲ. ಕೆಮ್ಮಿನ ಸಿರಪ್ಪಿನ ಮುಚ್ಚಳದಲ್ಲಿ 5 ಮಿಲಿಗೆ ಗೆರೆ ಇರುತ್ತದಲ್ಲ, ಅದರಿಂದ ನೀರು ಅಳೆದೆವು. ಅಮ್ಮನ ಚಮಚಕ್ಕೆ ಎರಡು ಮುಚ್ಚಳ ಹಿಡಿಯಿತು, 10 ಮಿಲಿ. ದೊಡ್ಡಮ್ಮನ ಮನೆಯಲ್ಲೂ ಇದೇ ಜೊತೆಯ ಚಮಚ ಎಂದರು ಅಮ್ಮ. ಇಂಗ್ಲಿಷಿನಲ್ಲಿ ಟೇಬಲ್‌ಸ್ಪೂನ್ ಎಂದು ಬರೆಯಲಿಲ್ಲ. ಆಸ್ಟ್ರೇಲಿಯಾದಲ್ಲಿ ಅದು 20 ಮಿಲಿ, ಅಮೆರಿಕದಲ್ಲಿ ಸುಮಾರು 15. ಟೀಸ್ಪೂನ್ ಎರಡು ಕಡೆಯೂ 5 ಮಿಲಿಯೇ. ಹಾಗಾಗಿ ಜೀರಿಗೆ 4 ಟೀಸ್ಪೂನ್, ಮೆಣಸು 2, ಮೆಂತ್ಯ 1.

ಹಿಡಿಗೆ ಅಮ್ಮನ ಕೈಯೇ ಗತಿ. ಮೂರು ಸಲ ಬ್ಯಾಡಗಿ ಹಿಡಿದರು: 14, 16, 15. ಎರಡು ಹಿಡಿಗೆ 30 ಎಂದು ಬರೆದೆವು. ಬ್ಯಾಡಗಿ ಸಿಗದಿದ್ದರೆ ಕಾಶ್ಮೀರಿ ಮೆಣಸಿನಕಾಯಿ, ಬಣ್ಣ ಬರುತ್ತದೆ, ಖಾರ ಮೀರುವುದಿಲ್ಲ. ಕಡಲೆಯಷ್ಟು ಇಂಗು ಎಂದರೆ ಗಟ್ಟಿ ಇಂಗು. ಡಬ್ಬಿಯ ಪುಡಿ ಇಂಗಿನಲ್ಲಿ ಹಿಟ್ಟು ಬೆರೆತಿರುತ್ತದೆ, ಅದಕ್ಕೆ ಅರ್ಧ ಟೀಸ್ಪೂನ್ ಬೇಕು.

ಹೆಚ್ಚು ಹೊತ್ತು ಹಿಡಿದದ್ದು ‘ಘಮ ಬಂದ ಕೂಡಲೇ’ ಎಂಬ ಮಾತು. ಆ ಘಮ ಗೊತ್ತಿಲ್ಲದವರಿಗೆ ಕಣ್ಣಿಗೆ, ಕೈಗೆ ಸಿಗುವ ಗುರುತು ಹೇಳಬೇಕು. ಅಮ್ಮ ಒಂದೊಂದನ್ನೇ ಹುರಿದು ತೋರಿಸಿದರು, ನಾವು ಬರೆದುಕೊಂಡೆವು. ಸಣ್ಣ ಉರಿ, ಎಣ್ಣೆ ಬೇಡ, ಒಂದೊಂದೂ ಬೇರೆ ಬೇರೆ. ಕೊತ್ತಂಬರಿ ಒಂದು ಬಣ್ಣ ತಿರುಗಿ, ಬೆರಳಲ್ಲಿ ಒತ್ತಿದರೆ ಪುಡಿಯಾಗಬೇಕು. ಮೆಣಸು ಚಟಪಟ ಅನ್ನಬೇಕು. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಕಹಿ. ಮೆಣಸಿನಕಾಯಿಗೆ ಮಾತ್ರ ಎರಡು ಹನಿ ಎಣ್ಣೆ, ಬಣ್ಣ ಕೆಡದೆ ಗರಿಗರಿಯಾಗಬೇಕು. ಇಂಗನ್ನು ಆ ಎಣ್ಣೆಯಲ್ಲೇ ಅರಳಿಸಿ ತೆಗೆಯುವುದು. ಎಲ್ಲ ಪೂರ್ತಿ ಆರಿದ ಮೇಲೆ ಪುಡಿ ಮಾಡುವುದು, ಬಿಸಿಯಲ್ಲೇ ಹಾಕಿದರೆ ಹಬೆಗೆ ಗಂಟು ಕಟ್ಟುತ್ತದೆ.

ಹಾಳೆಯನ್ನು ಎರಡು ಭಾಗ ಮಾಡಿದೆವು. ಎಡಕ್ಕೆ ದೊಡ್ಡಮ್ಮ ಬರೆದದ್ದರ ನೇರ ಅನುವಾದ, ಬಲಕ್ಕೆ ಅಮ್ಮನ ವಿವರಣೆ. ಮುಂದೆ ಯಾರಾದರೂ ಓದಿದರೆ ಯಾರ ಮಾತು ಯಾವುದು ಎಂದು ತಿಳಿಯಲಿ ಎಂದು.

ಅವರು ಮೊದಲು ಅರ್ಧ ಅಳತೆಯಲ್ಲಿ ಮಾಡಿದರು. ಬಣ್ಣ ಸರಿ, ಕೊನೆಯಲ್ಲಿ ಸ್ವಲ್ಪ ಕಹಿ ಎಂದಳು ತಂಗಿ. ‘ಮೆಂತ್ಯ ಕೆಂಪಾದ ಮೇಲೆ ಏನು ಮಾಡಿದರು ಕೇಳು’ ಎಂದರು ಅಮ್ಮ. ಕರೆಂಟ್ ಒಲೆ ಆರಿಸಿ ಬಾಣಲೆಯಲ್ಲೇ ಬಿಟ್ಟಿದ್ದರಂತೆ. ಆ ಒಲೆ ಆರಿಸಿದ ಮೇಲೂ ಕಾದಿರುತ್ತದೆ, ಮೆಂತ್ಯ ಅಲ್ಲೇ ಸೀದಿದೆ. ‘ಕೂಡಲೇ ತಟ್ಟೆಗೆ ಸುರಿಯಿರಿ’ ಎಂದು ಒಂದು ಸಾಲು ಬಲಕ್ಕೆ ಸೇರಿತು. ಎಡಭಾಗ ಓದಿದರೆ ದೊಡ್ಡಮ್ಮ ಅದನ್ನೇ ಹೇಳಿದ್ದರು: ಇಳಿಸು.