ಉದ್ದ ಹುಡುಗನ್ನ ಯಾವ ಆಟಕ್ಕೆ ಹಾಕಬೇಕು?

ಹಿರೋಳ್ಳಿ ಸುತ್ತಮುತ್ತ ಶಾಲಾ ಕ್ರೀಡಾಕೂಟದ ಸುದ್ದಿಗೆ ಹೋದಾಗಲೆಲ್ಲ ನಮ್ಮ ಕಿವಿಗೆ ಒಂದು ಮಾತು ಬೀಳುತ್ತದೆ: "ಉದ್ದ ಅದಾನ, ಹಾಕ್ರಿ ಟೀಮಿಗೆ." ಯಾವ ಆಟದ ಟೀಮಿಗೆ ಎಂದು ಯಾರೂ ಕೇಳುವುದಿಲ್ಲ. ಹಾಗೆ ಕಬಡ್ಡಿಗೆ ಸೇರಿದ ಹತ್ತನೇ ತರಗತಿಯ ಹುಡುಗನೊಬ್ಬನನ್ನು ನಾವು ನೋಡಿದ್ದೆವು. ಆರಡಿಗೆ ಹತ್ತಿರ ಇದ್ದ. ಮೂರು ಸಲ ರೈಡಿಗೆ ಹೋದ, ಮೂರೂ ಸಲ ಪಾದ ಹಿಡಿಸಿಕೊಂಡು ಬಿದ್ದ. "ಒಂಟಿ ಹಂಗ ಬೆಳದಾನ, ಮೈಯಾಗ ಕಸುವಿಲ್ಲ" ಎಂದು ಪಕ್ಕದವರು ನಕ್ಕರು. ಆಮೇಲೆ ಆ ಹುಡುಗ ಮೈದಾನದ ಕಡೆಗೇ ಬರಲಿಲ್ಲ.

ಕಸುವಿನ ಮಾತು ಬೇರೆ, ಉದ್ದದ ಲೆಕ್ಕ ಬೇರೆ. ಅದನ್ನೇ ಇಲ್ಲಿ ಹೇಳುತ್ತೇವೆ.

ಮೊದಲು ವಾಲಿಬಾಲ್. ಗಂಡಸರ ಆಟದಲ್ಲಿ ನೆಟ್ಟಿನ ಎತ್ತರ 2.43 ಮೀಟರ್. ನಿಂತಲ್ಲೇ ಕೈ ಮೇಲೆತ್ತಿದರೆ ಬೆರಳ ತುದಿ ಸುಮಾರಾಗಿ ನಮ್ಮ ಎತ್ತರದ 1.3 ಪಟ್ಟು ಮೇಲೆ ಹೋಗುತ್ತದೆ. 188 ಸೆಂಟಿಮೀಟರ್ ಇರುವವನ ಬೆರಳು ನಿಂತಲ್ಲೇ ನೆಟ್ಟಿನ ಅಂಚು ಮುಟ್ಟುತ್ತದೆ. 165 ಇರುವವನ ಬೆರಳು ಹೆಚ್ಚುಕಡಿಮೆ 30 ಸೆಂಟಿಮೀಟರ್ ಕೆಳಗೆ ಉಳಿಯುತ್ತದೆ. ಉದ್ದನೆಯವನು 30 ಸೆಂಟಿಮೀಟರ್ ಜಿಗಿದು ಮುಟ್ಟುವ ಎತ್ತರಕ್ಕೆ ಗಿಡ್ಡನೆಯವನು 60 ಸೆಂಟಿಮೀಟರ್ ಜಿಗಿಯಬೇಕು. ಒಂದು ಸಲ ಆದೀತು, ಐದು ಸೆಟ್ ಪೂರ್ತಿ ಹಾಗೆ ಜಿಗಿಯುವುದು ಸುಲಭವಲ್ಲ. ಜೊತೆಗೆ, ಚೆಂಡನ್ನು ಎತ್ತರದಿಂದ ಹೊಡೆದಷ್ಟೂ ಅದನ್ನು ನೆಟ್ ದಾಟಿಸಿ ಕೆಳಮುಖವಾಗಿ ಅಪ್ಪಳಿಸುವುದಕ್ಕೆ ಜಾಗ ಸಿಗುತ್ತದೆ. ಇಲ್ಲಿ ಉದ್ದ ಎಂಬುದು ಪುಕ್ಕಟೆ ಸಿಕ್ಕ ಜಿಗಿತ.

ಅದೇ ಹುಡುಗ ಕಬಡ್ಡಿ ಅಂಕಣಕ್ಕೆ ಇಳಿದರೆ ಲೆಕ್ಕ ತಿರುಗುತ್ತದೆ. ನಿಂತಾಗ ನಮ್ಮ ಮೈಭಾರದ ನಡುಬಿಂದು ಹೊಕ್ಕಳ ಆಸುಪಾಸಿನಲ್ಲಿ ಇರುತ್ತದೆ. 165ರವನಿಗೆ ಅದು ನೆಲದಿಂದ ಸುಮಾರು 92 ಸೆಂಟಿಮೀಟರ್ ಮೇಲೆ, 188ರವನಿಗೆ ಸುಮಾರು 105. ಓಡುತ್ತಿರುವಾಗ ಪಾದ ಹಿಡಿದರೆ ಪಾದ ನಿಲ್ಲುತ್ತದೆ, ಮೇಲಿನ ಭಾರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಆ ಭಾರ ಮೇಲಿದ್ದಷ್ಟೂ ಬೀಳುವುದು ಬೇಗ. ತಪ್ಪಿಸಿಕೊಳ್ಳಲು ಮೊಣಕಾಲು ಮಡಿಚಿ ತಗ್ಗಬೇಕು. ಆದರೆ ಉದ್ದ ತೊಡೆಯವನು ಕುಕ್ಕರಿಸಿದಾಗ ಮೈಭಾರ ಮೊಣಕಾಲಿನಿಂದ ಹೆಚ್ಚು ಹಿಂದಕ್ಕೆ ಸರಿಯುತ್ತದೆ, ತೊಡೆ ಬೇಗ ಸೋಲುತ್ತದೆ. ಸೋತ ತೊಡೆಯವನು ತನಗೆ ಗೊತ್ತಿಲ್ಲದಂತೆ ಎದ್ದು ನಿಂತು ಆಡತೊಡಗುತ್ತಾನೆ. ಹಿಡಿಯುವವರು ಕಾಯುವುದು ಅದನ್ನೇ.

ಹಿಂದಿರುಗುವುದೂ ಕಷ್ಟ. ಬಿದಿರಿನ ಗಳವನ್ನು ಒಂದು ತುದಿಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಷ್ಟೇ ತೂಕದ, ಎರಡು ಪಟ್ಟು ಉದ್ದದ ಗಳವನ್ನು ಅಷ್ಟೇ ಚುರುಕಾಗಿ ತಿರುಗಿಸಲು ಕೈಗೆ ನಾಲ್ಕು ಪಟ್ಟು ಭಾರವೆನಿಸುತ್ತದೆ. ಉದ್ದ ಕೈಕಾಲಿನ ಕಥೆಯೂ ಇದೇ. ಆದರೂ ಕಬಡ್ಡಿಯಲ್ಲಿ ಉದ್ದ ಕಾಲಿಗೆ ಕೆಲಸವಿದೆ: ಕಾಲು ಚಾಚಿ ಬೆರಳ ತುದಿ ಮುಟ್ಟಿಸಿ ಬರುವುದಕ್ಕೆ, ಬೋನಸ್ ಗೆರೆ ದಾಟುವುದಕ್ಕೆ. ಆಳಕ್ಕೆ ನುಗ್ಗಿದರೆ ಮಾತ್ರ ಅಪಾಯ.

ಭಾರ ಎತ್ತುವ ಆಟದಲ್ಲಂತೂ ಗಿಡ್ಡತನವೇ ಲಾಭ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದರು. ಎರಡು ಬಗೆಯ ಎತ್ತುವಿಕೆ ಸೇರಿ 249 ಕೆ.ಜಿ., 111 ಒಂದರಲ್ಲಿ, 138 ಇನ್ನೊಂದರಲ್ಲಿ. ಬಾರನ್ನು ನೆಲದಿಂದ ತಲೆ ಮೇಲೆ ಒಯ್ಯಬೇಕು. ಉದ್ದ ಇದ್ದವನು ಅಷ್ಟೇ ಭಾರವನ್ನು ಹೆಚ್ಚು ದೂರ ಒಯ್ಯಬೇಕು. ಇನ್ನೊಂದು ಸಂಗತಿ: ಅಲ್ಲಿ ಮೈತೂಕ ನೋಡಿ ವಿಭಾಗ ಮಾಡುತ್ತಾರೆ. 56 ಕೆ.ಜಿ. ಮೈ ಉದ್ದ ಎಲುಬಿನ ಮೇಲೆ ಹರಡಿದರೆ ಸ್ನಾಯು ತೆಳ್ಳಗಾಗುತ್ತದೆ, ಗಿಡ್ಡ ಎಲುಬಿನ ಮೇಲೆ ದಪ್ಪಗಾಗುತ್ತದೆ. ಸ್ನಾಯುವಿನ ಬಲ ಮುಖ್ಯವಾಗಿ ಅದರ ದಪ್ಪದಿಂದ ಬರುತ್ತದೆ, ಉದ್ದದಿಂದಲ್ಲ.

ಇನ್ನು ವಯಸ್ಸಿನ ಮಾತು. ಹದಿಮೂರು, ಹದಿನಾಲ್ಕರಲ್ಲಿ ಹುಡುಗರು ಒಮ್ಮೆಲೇ ಬೆಳೆಯುತ್ತಾರೆ. ಎಲುಬು ಮುಂದೆ ಹೋಗುತ್ತದೆ, ಸ್ನಾಯು ಹಿಂದೆ ಉಳಿಯುತ್ತದೆ. ನಿನ್ನೆ ಚುರುಕಾಗಿದ್ದವನು ಇಂದು ಎಡವುತ್ತಾನೆ. ಮೊಣಕಾಲ ಚಿಪ್ಪಿನ ಕೆಳಗೆ ಗಂಟಿನಂತೆ ಉಬ್ಬಿ, ಒತ್ತಿದರೆ ನೋವೆಂದರೆ ಅದೂ ಬೆಳೆಯುವ ವಯಸ್ಸಿನಲ್ಲಿ ಜಿಗಿತ, ಓಟ ಹೆಚ್ಚಾದಾಗ ಬರುವಂಥದ್ದು. ಜಿಗಿತ ಕಡಿಮೆ ಮಾಡಿ ಡಾಕ್ಟರಿಗೆ ತೋರಿಸಬೇಕು. ಸೋಮಾರಿ ಎಂದು ಬಯ್ದು ಓಡಿಸಬಾರದು.

ಆಯ್ಕೆಗೆ ದೊಡ್ಡ ಯಂತ್ರವೇನೂ ಬೇಡ. ಬೆರಳಿಗೆ ಸುಣ್ಣ ಹಚ್ಚಿ ಗೋಡೆ ಪಕ್ಕ ನಿಂತು ಒಂದು ಗುರುತು, ಜಿಗಿದು ಒಂದು ಗುರುತು ಹಾಕಿಸಿ. ಮೇಲಿನ ಗುರುತು ನೆಲದಿಂದ ಎಷ್ಟು ಎತ್ತರ ಎಂಬುದು ವಾಲಿಬಾಲಿಗೆ. ಎರಡರ ನಡುವಿನ ಅಂತರ ಕಾಲಿನ ಕಸುವಿಗೆ. ಆಮೇಲೆ ಮೊಣಕಾಲು ಮಡಿಚಿಕೊಂಡೇ ಅತ್ತಿತ್ತ ಸರಿದಾಡಲು ಹೇಳಿ, ಎಷ್ಟು ಹೊತ್ತಿಗೆ ಎದ್ದು ನಿಲ್ಲುತ್ತಾನೆ ನೋಡಿ. ಅದು ಕಬಡ್ಡಿಗೆ. ಆ ಮೂರು ರೈಡ್ ನೋಡಿ ನಕ್ಕವರು ಈ ಎರಡು ಗುರುತು ಹಾಕಿಸಿದ್ದರೆ, ಆ ಹುಡುಗನಿಗೆ ಪಕ್ಕದ ನೆಟ್ ತೋರಿಸುತ್ತಿದ್ದರು.